ಡೇಟ್ ದಾಟಿತು, ಎಲ್ಲಾ ನಾರ್ಮಲ್. ಆದರೂ ನೋವು ಯಾಕೆ ಬರಿಸಬೇಕು?

ಪ್ರಶ್ನೆ: ಡಾಕ್ಟ್ರೇ, ನನಗೆ 28 ವರ್ಷ. ಇದು ಮೊದಲ ಹೆರಿಗೆ. ಕೊನೆಯ ಮುಟ್ಟು ಜೂನ್ 1ಕ್ಕೆ. ಆ ಲೆಕ್ಕದಲ್ಲಿ ಡೇಟ್ ಮಾರ್ಚ್ 8. ನನ್ನ ಮುಟ್ಟು ಯಾವಾಗಲೂ 35 ದಿನಕ್ಕೊಮ್ಮೆ. ಎರಡನೇ ತಿಂಗಳ ಸ್ಕ್ಯಾನಿನಲ್ಲಿ ಮಾರ್ಚ್ 15 ಅಂತ ಬಂತು. ಕೊನೆಯ ಸ್ಕ್ಯಾನಿನಲ್ಲಿ ಮಾರ್ಚ್ 24 ಅಂತಿದೆ. ಇವತ್ತು 17. ನೋವಿನ ಸುಳಿವೇ ಇಲ್ಲ. ಎನ್‌ಎಸ್‌ಟಿ ನಾರ್ಮಲ್, ನೀರೂ ಸಾಕಷ್ಟಿದೆ. ಒಳಪರೀಕ್ಷೆ ಮಾಡಿ, ಒಂದು ಬೆರಳು ಹೋಗುತ್ತೆ, ಗರ್ಭಕೋಶದ ಬಾಯಿ ಇನ್ನೂ ಗಟ್ಟಿ ಇದೆ ಅಂದರು. 22ಕ್ಕೆ ಅಡ್ಮಿಟ್ ಆಗಿ, ನೋವು ಬರಿಸೋಣ ಅಂತಾರೆ. ಎಲ್ಲಾ ಸರಿ ಇದ್ದ ಮೇಲೆ ಕಾಯಬಾರದಾ? ನೋವು ಬರಿಸಿದರೆ ಕೊನೆಗೆ ಸಿಸೇರಿಯನ್ನೇ ಆಗೋದು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಏನು ಮಾಡಲಿ?

ಉತ್ತರ: ಮೊದಲು ದಿನಾಂಕ ಇತ್ಯರ್ಥ ಮಾಡಿಕೊಳ್ಳೋಣ. ಮುಂದಿನ ಎಲ್ಲ ತೀರ್ಮಾನ ಅದರ ಮೇಲೇ ನಿಂತಿದೆ. ನಿಮ್ಮ ಕೈಯಲ್ಲಿ ಮೂರು ದಿನಾಂಕಗಳಿವೆ. ಅವುಗಳಲ್ಲಿ ಇಟ್ಟುಕೊಳ್ಳಬೇಕಾದ್ದು ಒಂದೇ, ಮಾರ್ಚ್ 15.

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿ ಡೇಟ್ ಕೊಡುತ್ತಾರೆ. ಜೂನ್ 1ಕ್ಕೆ 280 ದಿನ ಸೇರಿಸಿದರೆ ಮಾರ್ಚ್ 8 ಬರುತ್ತದೆ. ಆದರೆ ಈ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹೊಂದುವಂಥದ್ದು. ಅವರಲ್ಲಿ ಸುಮಾರು 14ನೇ ದಿನ ಅಂಡ ಬಿಡುಗಡೆಯಾಗುತ್ತದೆ. ನಿಮ್ಮದು 35 ದಿನದ ಚಕ್ರ. ನಿಮಗೆ ಅಂಡ ಬಿಡುಗಡೆಯಾಗುವುದೇ ಸುಮಾರು ಒಂದು ವಾರ ತಡ. ಅಂದರೆ ಮಗು ಹುಟ್ಟಿಕೊಂಡದ್ದೇ ಒಂದು ವಾರ ಆಮೇಲೆ. ಎರಡನೇ ತಿಂಗಳ ಸ್ಕ್ಯಾನ್ ಇದನ್ನೇ ತೋರಿಸಿದೆ. ಮುಟ್ಟಿನ ಲೆಕ್ಕದಲ್ಲಿ ಆಗ ಎಂಟು ವಾರ ಆಗಿದ್ದರೆ, ಮಗುವಿನ ಉದ್ದ ಏಳು ವಾರದಷ್ಟಿತ್ತು. ಅಷ್ಟು ಎಳೆಯ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ತಲೆಯಿಂದ ಪೃಷ್ಠದವರೆಗೆ ಅಳೆದರೆ ವಯಸ್ಸು ಕೆಲವೇ ದಿನಗಳ ವ್ಯತ್ಯಾಸದಲ್ಲಿ ಸಿಕ್ಕಿಬಿಡುತ್ತದೆ. ಒಂಬತ್ತು ವಾರದೊಳಗಿನ ಸ್ಕ್ಯಾನಿಗೂ ಮುಟ್ಟಿನ ಲೆಕ್ಕಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರವಿದ್ದರೆ ಸ್ಕ್ಯಾನಿನ ದಿನಾಂಕವನ್ನೇ ಹಿಡಿಯುತ್ತಾರೆ. ನಿಮ್ಮಲ್ಲಿ ಏಳು ದಿನದ ಅಂತರವಿದೆ. ಹಾಗಾಗಿ ಮಾರ್ಚ್ 15 ಸರಿ.

ಕೊನೆಯ ಸ್ಕ್ಯಾನಿನ 24ನೇ ತಾರೀಖನ್ನು ದಯವಿಟ್ಟು ಮರೆತುಬಿಡಿ. ಒಂಬತ್ತನೇ ತಿಂಗಳಲ್ಲಿ ಒಂದು ಮಗು ದಪ್ಪ, ಇನ್ನೊಂದು ಸಣಕಲು. ಮಷೀನು ಮಗುವಿನ ತಲೆ, ಹೊಟ್ಟೆ, ತೊಡೆಯ ಮೂಳೆ ಅಳೆಯುತ್ತದೆ. ಇಷ್ಟು ಗಾತ್ರ ಸರಾಸರಿಯಲ್ಲಿ ಯಾವ ವಾರಕ್ಕೆ ಬರುತ್ತದೆ ಎಂದು ನೋಡಿ ಒಂದು ತಾರೀಖನ್ನು ಪ್ರಿಂಟ್ ಮಾಡುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಅದು ಮೂರು ವಾರ ಆಚೀಚೆ ಆಗಬಹುದು. ಅದನ್ನು ನಂಬಿ ಡೇಟನ್ನು ಮುಂದಕ್ಕೆ ಹಾಕುವುದರಲ್ಲಿ ನಿಜವಾದ ಅಪಾಯವಿದೆ. ಮಾಸು ಸರಿಯಾಗಿ ಕೆಲಸ ಮಾಡದೆ ಮಗು ಚಿಕ್ಕದಾಗಿದ್ದರೂ ಸ್ಕ್ಯಾನ್ ತಡವಾದ ತಾರೀಖನ್ನೇ ತೋರಿಸುತ್ತದೆ. 'ಇನ್ನೂ ಟೈಮಿದೆ' ಎಂದುಕೊಂಡು ಕೂತರೆ, ಎಲ್ಲರಿಗಿಂತ ಮೊದಲು ಹೊರಗೆ ಬರಬೇಕಾದ ಮಗುವನ್ನೇ ಎಲ್ಲರಿಗಿಂತ ಜಾಸ್ತಿ ಕಾಯಿಸಿದಂತೆ ಆಗುತ್ತದೆ. ಆದ್ದರಿಂದ ಆ ರಿಪೋರ್ಟಿನಲ್ಲಿ ತಾರೀಖು ಬಿಟ್ಟು ಬೇರೊಂದನ್ನು ಕೇಳಿ. 15ನೇ ತಾರೀಖಿನ ಲೆಕ್ಕಕ್ಕೆ ಮಗುವಿನ ತೂಕ ಸರಿಯಾಗಿದೆಯಾ? ಹೊಟ್ಟೆಯ ಸುತ್ತಳತೆ ಸರಿಯಾಗಿದೆಯಾ? ಈ ಉತ್ತರ ಮುಖ್ಯ. ತೂಕ ಕಡಿಮೆ ಇದೆ ಎಂದರೆ ಮುಂದೆ ನಾನು ಬರೆಯುವ ಲೆಕ್ಕವೆಲ್ಲ ಬದಲಾಗುತ್ತದೆ. ಸರಿಯಾಗಿದೆ ಎಂದುಕೊಂಡೇ ಮುಂದುವರಿಯುತ್ತೇನೆ.

ಹಾಗಾದರೆ ಇವತ್ತು ನಿಮಗೆ 40 ವಾರ 2 ದಿನ. 22ಕ್ಕೆ ಸರಿಯಾಗಿ 41 ವಾರ ತುಂಬುತ್ತದೆ. ನಿಮ್ಮ ಡಾಕ್ಟರ್ ಆ ದಿನವನ್ನು ಸುಮ್ನೆ ಆರಿಸಿಲ್ಲ. 41 ವಾರ ತುಂಬಿದರೆ ನೋವು ಬರಿಸಲು ಹೇಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. 42 ವಾರ ದಾಟಿದರೆ ಮಾತ್ರ ಅದನ್ನು ಪೂರ್ತಿ ದಿನ ಮೀರಿದ ಬಸಿರು ಎನ್ನುತ್ತೇವೆ. ಇವತ್ತಿಗೆ ನಿಮ್ಮದು ದಿನ ತುಂಬಿದ ಬಸಿರು, ಅಷ್ಟೇ. ಡೇಟಿನ ದಿನವೇ ಹೆರುವವರು ನೂರಕ್ಕೆ ನಾಲ್ಕೈದು ಜನ. ಮೊದಲ ಹೆರಿಗೆಯಲ್ಲಿ ಒಂದೆರಡು ದಿನ, ಒಂದು ವಾರ ದಾಟುವುದು ತೀರಾ ಸಾಮಾನ್ಯ. 22ರೊಳಗೆ ತಾನಾಗಿ ನೋವು ಶುರುವಾಗುವ ಸಾಧ್ಯತೆಯೂ ಚೆನ್ನಾಗಿಯೇ ಇದೆ.

ಈ ಐದು ದಿನ ಏನು ನೋಡಬೇಕು ಅಂತ ಈಗ ಹೇಳುತ್ತೇನೆ. ದಿನ ದಾಟಿದ ಮೇಲೆ ನಮ್ಮ ಚಿಂತೆಯೆಲ್ಲ ಮಾಸಿನ ಬಗ್ಗೆ. ಮಗುವಿಗೆ ಆಮ್ಲಜನಕ, ಆಹಾರ ಎರಡೂ ಅದರ ಮೂಲಕವೇ ಹೋಗಬೇಕು. ಕೆಲವರಲ್ಲಿ ಅದರ ಶಕ್ತಿ ನಿಧಾನಕ್ಕೆ ಕುಗ್ಗುತ್ತದೆ. ಹಾಗಾದಾಗ ಮಗು ಒಂದು ಉಪಾಯ ಮಾಡುತ್ತದೆ. ಸಿಗುವ ರಕ್ತವನ್ನು ಮೆದುಳಿಗೂ ಹೃದಯಕ್ಕೂ ಜಾಸ್ತಿ ಕಳಿಸಿ, ಕಿಡ್ನಿಗೆ ಕಡಿಮೆ ಮಾಡುತ್ತದೆ. ಕಿಡ್ನಿಗೆ ರಕ್ತ ಕಡಿಮೆಯಾದರೆ ಮೂತ್ರ ಕಡಿಮೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಸುತ್ತ ಇರುವ ನೀರು ಬಹುಪಾಲು ಮಗುವಿನ ಮೂತ್ರವೇ. ಆದ್ದರಿಂದ ನೀರು ಕಡಿಮೆಯಾಗುವುದು ಮಾಸು ಸೋಲುತ್ತಿರುವುದರ ಸುಳಿವಾಗಬಹುದು. ನೀರು ಕಡಿಮೆಯಾದರೆ ಹೊಕ್ಕುಳಬಳ್ಳಿ ಮಗುವಿಗೂ ಗರ್ಭಕೋಶಕ್ಕೂ ನಡುವೆ ಒತ್ತಿಹೋಗುವ ತೊಂದರೆಯೂ ಇದೆ.

ಹಾಗಾಗಿ ಸ್ಕ್ಯಾನಿನಲ್ಲಿ ಅತಿ ಆಳವಾದ ಒಂದು ನೀರಿನ ಜಾಗವನ್ನು ಹುಡುಕಿ ಅಳೆಯುತ್ತಾರೆ. ಅದು 2 ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇನ್ನೊಂದು ಕ್ರಮವೂ ಇದೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ನಾಲ್ಕರ ಅಳತೆ ಕೂಡಿಸುತ್ತಾರೆ. ರಿಪೋರ್ಟಿನಲ್ಲಿ ಎಎಫ್‌ಐ ಎಂದು ಬರೆಯುವುದು ಅದನ್ನೇ. ಅದು 5ಕ್ಕಿಂತ ಜಾಸ್ತಿ ಇರಬೇಕು. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಿವೆ. ಎಎಫ್‌ಐ ನೋಡಿದರೆ 'ನೀರು ಕಡಿಮೆ' ಎನ್ನಿಸಿಕೊಳ್ಳುವವರು ಹೆಚ್ಚಾಗುತ್ತಾರೆ, ಅದರಿಂದ ಮಕ್ಕಳಿಗೇನೂ ಲಾಭವಾಗುವುದಿಲ್ಲ. ಅದಕ್ಕೇ ನಾನು ಒಂದೇ ಆಳವಾದ ಜಾಗದ ಅಳತೆಯನ್ನು ನೋಡುತ್ತೇನೆ. ಹೋದ ತಿಂಗಳು ಎಎಫ್‌ಐ 14 ಇತ್ತು, ಈಗ 9 ಆಗಿದೆ ಎಂದು ಗಾಬರಿಪಡುವವರು ತುಂಬಾ ಜನ. ದಿನ ತುಂಬಿದ ಮೇಲೆ ಎಲ್ಲರಿಗೂ ನೀರು ಇಳಿಯುತ್ತದೆ. ಕನಿಷ್ಠ ಮಟ್ಟದ ಕೆಳಗೆ ಹೋಗಿದೆಯಾ ಅನ್ನೋದೇ ಪ್ರಶ್ನೆ.

ಎನ್‌ಎಸ್‌ಟಿಯಲ್ಲಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ ಮಗುವಿನ ಹೃದಯಬಡಿತದ ಗೆರೆ ತೆಗೆಯುತ್ತಾರೆ. ಸಾಧಾರಣ ಬಡಿತ ನಿಮಿಷಕ್ಕೆ 110ರಿಂದ 160. ಆದರೆ ನಮಗೆ ಬೇಕಾದ್ದು ಬರೀ ಆ ಸಂಖ್ಯೆಯಲ್ಲ. ಮಗು ಮಿಸುಕಿದಾಗ ಬಡಿತ ಏರಬೇಕು. 20 ನಿಮಿಷದಲ್ಲಿ ಕನಿಷ್ಠ ಎರಡು ಸಲ, ಪ್ರತಿ ಸಲವೂ 15 ಬಡಿತದಷ್ಟು ಮೇಲೆ ಹೋಗಿ 15 ಸೆಕೆಂಡ್ ಇರಬೇಕು. ಹಾಗೆ ಏರಿದರೆ ಆ ಹೊತ್ತಿಗೆ ಮಗುವಿನ ಮೆದುಳಿಗೆ ಆಮ್ಲಜನಕ ಚೆನ್ನಾಗಿ ಸಿಗುತ್ತಿದೆ ಎಂದರ್ಥ. ಏರದಿದ್ದರೆ ತಕ್ಷಣ ಹೆದರಬೇಡಿ. ಹೊಟ್ಟೆಯಲ್ಲಿ ಮಗು 20ರಿಂದ 40 ನಿಮಿಷ ನಿದ್ದೆ ಹೋಗುತ್ತದೆ. ಆಗ ಗೆರೆ ಚಪ್ಪಟೆಯಾಗಿಯೇ ಬರುತ್ತದೆ. ಪರೀಕ್ಷೆಯನ್ನು ಇನ್ನೂ 20 ನಿಮಿಷ ಮುಂದುವರಿಸಿದರೆ ಹೆಚ್ಚಿನ ಮಕ್ಕಳು ಎದ್ದು ಸರಿಯಾದ ಗೆರೆ ಕೊಡುತ್ತವೆ. ಆಗಲೂ ಬರದಿದ್ದರೆ ಸ್ಕ್ಯಾನಿನಲ್ಲಿ ಮಗುವಿನ ಓಡಾಟ, ಉಸಿರಾಟದ ಚಲನೆ, ಕೈಕಾಲಿನ ಬಿಗಿ, ನೀರು ಇವನ್ನೆಲ್ಲ ನೋಡುತ್ತಾರೆ.

ಎಷ್ಟು ದಿನಕ್ಕೊಮ್ಮೆ? ನಿಮ್ಮಂಥ ತೊಂದರೆಯಿಲ್ಲದ ಬಸಿರಿಗೆ 41 ವಾರದವರೆಗೆ ಒಂದು ಸಲ ನೋಡಿದರೂ ಸಾಕು. ಅದಾದ ಮೇಲೂ ಕಾಯುತ್ತೀರಿ ಎಂದರೆ ವಾರಕ್ಕೆ ಎರಡು ಸಲ ಬೇಕು. ನೀರಿನ ಮಟ್ಟ ಮೂರು ನಾಲ್ಕು ದಿನದಲ್ಲೇ ಬದಲಾಗಿಬಿಡಬಹುದು, ಅದಕ್ಕೇ.

ಮಷೀನುಗಳಿಗಿಂತ ಹತ್ತಿರದ ಕಾವಲು ಇನ್ನೊಂದಿದೆ, ಅದು ನೀವೇ. ದಿನ ತುಂಬಿದ ಮೇಲೆ ಮಗುವಿಗೆ ಜಾಗ ಸಾಲದು, ಅದಕ್ಕೇ ಓಡಾಟ ಕಡಿಮೆಯಾಗುತ್ತೆ ಅನ್ನುವ ಮಾತು ಎಲ್ಲ ಕಡೆ ಇದೆ. ಅದು ತಪ್ಪು. ಒದೆತದ ರೀತಿ ಬದಲಾಗಬಹುದು. ಮೊದಲು ಚುರುಕಾಗಿ ಒದೆಯುತ್ತಿದ್ದದ್ದು ಈಗ ಹೊರಳಿದಂತೆ, ತಳ್ಳಿದಂತೆ ಅನ್ನಿಸಬಹುದು. ಆದರೆ ಎಷ್ಟು ಸಲ ಅನ್ನೋದು ಕಡಿಮೆಯಾಗಬಾರದು. ಇವತ್ತು ಯಾಕೋ ಕಡಿಮೆ ಅನ್ನಿಸಿದರೆ ಎಡಕ್ಕೆ ಮಗ್ಗುಲಾಗಿ ಮಲಗಿ, ಅದಕ್ಕೇ ಗಮನ ಕೊಟ್ಟು ಎಣಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಮಿಸುಕಾಟ ಸಿಗಬೇಕು. ಸಿಗಲಿಲ್ಲ ಅಂದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ನಿನ್ನೆ ಎನ್‌ಎಸ್‌ಟಿ ನಾರ್ಮಲ್ ಇತ್ತಲ್ಲ ಎಂದು ಬೆಳಗಿನವರೆಗೆ ಕಾಯಬೇಡಿ.

ಇಲ್ಲಿಗೆ ನಿಮ್ಮ ಮುಖ್ಯ ಪ್ರಶ್ನೆ ಬಂತು. ಎಲ್ಲಾ ನಾರ್ಮಲ್ ಇದ್ದ ಮೇಲೆ ಯಾಕೆ?

ಈ ಪರೀಕ್ಷೆಗಳು ಹೇಳುವುದು ಈ ಹೊತ್ತಿನ ಸ್ಥಿತಿ. ಅವು ಮುಂದಿನ ವಾರಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಎನ್‌ಎಸ್‌ಟಿ ನಾರ್ಮಲ್ ಬಂದ ಒಂದು ವಾರದೊಳಗೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು ಸಾವಿರಕ್ಕೆ ಸುಮಾರು ಎರಡು ಎಂದು ಹಳೆಯ ಅಧ್ಯಯನಗಳಲ್ಲಿ ಕಂಡಿದೆ. ಅವುಗಳಲ್ಲಿ ಬೇರೆ ಬೇರೆ ತೊಂದರೆ ಇದ್ದವರೂ ಇದ್ದರು. ಆದ್ದರಿಂದ ನಿಮ್ಮ ಅಪಾಯ ಅದಕ್ಕಿಂತ ಕಡಿಮೆಯೇ. ಆದರೂ ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಅಪಾಯ ಸೊನ್ನೆಗೆ ಇಳಿಯುವುದಿಲ್ಲ. ಮಾಸಿನ ಶಕ್ತಿ ಯಾರಲ್ಲಿ ಯಾವತ್ತು ಕುಗ್ಗುತ್ತದೆ ಎಂದು ಮುಂಚೆಯೇ ಹೇಳುವ ಪರೀಕ್ಷೆ ನಮ್ಮ ಹತ್ತಿರ ಇಲ್ಲ. ಸ್ಕ್ಯಾನಿನಲ್ಲಿ 'ಮಾಸು ಗ್ರೇಡ್ 3' ಅಂತ ಬರೆದದ್ದನ್ನು ನೋಡಿ ಮಾಸು ಹಾಳಾಗಿದೆ ಎಂದು ಹೆದರುವವರಿದ್ದಾರೆ. ದಿನ ತುಂಬಿದವರಲ್ಲಿ ಅದು ಸಾಮಾನ್ಯವಾಗಿ ಕಾಣುವ ಸುಣ್ಣದ ಗುರುತು. ಅದೊಂದನ್ನೇ ಹಿಡಿದು ನೋವು ಬರಿಸಬೇಕಿಲ್ಲ. ಹಾಗೇ ಅದು ಕಾಣಲಿಲ್ಲ ಎಂದು ನಿಶ್ಚಿಂತೆಯಾಗಿರುವುದಕ್ಕೂ ಆಗುವುದಿಲ್ಲ.

ಹಾಗಾಗಿ ನಾವು ವಾರಗಳ ಲೆಕ್ಕ ನೋಡಬೇಕಾಗುತ್ತದೆ. ಸುಮಾರು ಒಂದೂವರೆ ಕೋಟಿ ಬಸಿರುಗಳ ಮಾಹಿತಿ ಒಟ್ಟುಗೂಡಿಸಿದ ಒಂದು ಅಧ್ಯಯನ 2019ರಲ್ಲಿ ಬಂತು. ಅದರಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ 37ನೇ ವಾರದಲ್ಲಿ ಸಾವಿರಕ್ಕೆ 0.11 ಇತ್ತು. 42ನೇ ವಾರಕ್ಕೆ ಅದು 3.18 ಆಗಿತ್ತು. ಮೊದಲು ನಿಧಾನಕ್ಕೆ ಏರುತ್ತದೆ, ಕೊನೆಕೊನೆಗೆ ವೇಗ ಹಿಡಿಯುತ್ತದೆ. ಅದೇ ಅಧ್ಯಯನದ ಪ್ರಕಾರ, 40 ವಾರದಲ್ಲಿ ಹೆರುವ ಬದಲು 41ರವರೆಗೆ ಮುಂದುವರಿದ 1449 ಬಸಿರುಗಳಿಗೆ ಒಂದರಂತೆ ಹೆಚ್ಚುವರಿ ಸಾವು ಆಗುತ್ತದೆ. ಈ ಅಂಕಿಯನ್ನು ಎರಡೂ ಕಡೆಯಿಂದ ಓದಿ. 1448 ಜನರಿಗೆ ಕಾದದ್ದರಿಂದ ಏನೂ ಆಗಲಿಲ್ಲ. ನಿಮಗೆ ಗೊತ್ತಿರುವವರೆಲ್ಲ 'ನಾನು ಹತ್ತು ದಿನ ದಾಟಿದ್ದೆ, ಏನೂ ಆಗಲಿಲ್ಲ' ಎನ್ನುವುದು ಅದಕ್ಕೇ, ಅವರು ಹೇಳುವುದು ನಿಜ. ಆದರೆ ಆ ಒಬ್ಬರು ಯಾರು ಎಂದು ಮೊದಲೇ ಗುರುತಿಸಲು ಆಗುವುದಿಲ್ಲ. ಅದೂ ನಿಜ.

40ಕ್ಕೇ ಎಲ್ಲರಿಗೂ ನೋವು ಬರಿಸಬಹುದಲ್ಲ ಅಂತ ಕೇಳಬಹುದು. ಆಗ ತಾನಾಗಿ ಹೆರುತ್ತಿದ್ದ ಎಷ್ಟೋ ಜನರಿಗೆ ಎರಡು ದಿನದ ಆಸ್ಪತ್ರೆ ವಾಸ, ಹೆಚ್ಚು ನೋವು, ಹೆಚ್ಚು ಒಳಪರೀಕ್ಷೆ. 41 ವಾರಕ್ಕೆ ಹೆಚ್ಚಿನವರು ತಾವಾಗೇ ಹೆತ್ತಿರುತ್ತಾರೆ. ಅಪಾಯ ವೇಗವಾಗಿ ಏರುವುದೂ ಅಲ್ಲಿಂದಲೇ. ಇವೆರಡೂ ಕೂಡುವ ಜಾಗವೇ 41 ವಾರ. ಬಿಪಿ, ಸಕ್ಕರೆ ಕಾಯಿಲೆ, ಮಗುವಿನ ತೂಕ ಕಡಿಮೆ, 40 ದಾಟಿದ ವಯಸ್ಸು ಇಂಥದ್ದೇನಾದರೂ ಇದ್ದರೆ ಅಷ್ಟು ದಿನವೂ ಕಾಯುವುದಿಲ್ಲ.

ನಿಮ್ಮ ಪರಿಸ್ಥಿತಿಗೆ ತೀರಾ ಹತ್ತಿರವಾದ ಒಂದು ಪ್ರಯೋಗ ಸ್ವೀಡನ್ನಿನಲ್ಲಿ ನಡೆದಿದೆ. 2760 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 41 ವಾರಕ್ಕೆ ನೋವು ಬರಿಸಿದರು. ಇನ್ನೊಂದು ಗುಂಪನ್ನು 42 ವಾರದವರೆಗೆ ಕಾಯಿಸಿದರು. ಕಾದ ಗುಂಪಿನಲ್ಲಿ ಆರು ಮಕ್ಕಳು ತೀರಿಕೊಂಡವು. 41ರ ಗುಂಪಿನಲ್ಲಿ ಒಂದೂ ಇಲ್ಲ. ಹೀಗೆ ಮುಂದುವರಿಸುವುದು ಸರಿಯಲ್ಲ ಎಂದು ಪ್ರಯೋಗವನ್ನೇ ನಡುವೆ ನಿಲ್ಲಿಸಿದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 41ನೇ ವಾರದಲ್ಲಿ ಸ್ಕ್ಯಾನ್ ಮಾಡುವ ಕ್ರಮವಿದ್ದ ಸ್ಟಾಕ್‌ಹೋಮ್ ಕಡೆಯ ಆಸ್ಪತ್ರೆಗಳಲ್ಲಿ ಈ ಸಾವುಗಳು ಆಗಿರಲಿಲ್ಲ. ಅಂದರೆ ಚೆನ್ನಾಗಿ ನೋಡಿಕೊಂಡು ಕಾದರೆ ಅಪಾಯ ಕಡಿಮೆಯಾಗಬಹುದು. ಇದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆಮೇಲೆ ಈ ಪ್ರಯೋಗವನ್ನೂ ನೆದರ್ಲೆಂಡ್ಸಿನ ಅಂಥದ್ದೇ ಇನ್ನೊಂದನ್ನೂ ಸೇರಿಸಿ ನೋಡಿದರು. 41ಕ್ಕೆ ನೋವು ಬರಿಸಿದ್ದರ ಲಾಭ ಕಂಡದ್ದು ಮೊದಲ ಹೆರಿಗೆಯವರಲ್ಲಿ. ನಿಮ್ಮದೂ ಮೊದಲ ಹೆರಿಗೆ.

ಈಗ ಸಿಸೇರಿಯನ್ ಮಾತು. ಮನೆಯವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ನೋವು ಬರಿಸಿಕೊಂಡ ಹತ್ತು ಜನರನ್ನು, ತಾನಾಗಿ ನೋವು ಬಂದ ಹತ್ತು ಜನರನ್ನು ನೋಡಿದರೆ ಮೊದಲ ಗುಂಪಿನಲ್ಲಿ ಆಪರೇಷನ್ ಜಾಸ್ತಿ ಕಾಣುತ್ತದೆ. ಆದರೆ ಆ ಹೋಲಿಕೆ ನಿಮಗೆ ಅನ್ವಯಿಸುವುದಿಲ್ಲ. 22ನೇ ತಾರೀಖು ನಿಮ್ಮ ಮುಂದಿರುವ ಆಯ್ಕೆ 'ನೋವು ಬರಿಸುವುದಾ, ತಾನಾಗಿ ನೋವು ಬರುವುದಾ' ಎಂಬುದಲ್ಲ. ತಾನಾಗಿ ನೋವು ಬಾ ಎಂದರೆ ಬರುವುದಿಲ್ಲವಲ್ಲ. ನಿಜವಾದ ಆಯ್ಕೆ 'ನೋವು ಬರಿಸುವುದಾ, ಕಾಯುವುದಾ'. ಕಾದವರಲ್ಲಿ ಕೆಲವರಿಗೆ ನೋವು ಬರುತ್ತದೆ. ಕೆಲವರಿಗೆ ನೀರು ಕಡಿಮೆಯಾಗಿ ಆಮೇಲೆ ಹೇಗೂ ನೋವು ಬರಿಸಬೇಕಾಗುತ್ತದೆ. ಕೆಲವರಲ್ಲಿ ಮಗು ಒಳಗೇ ಮಲ ಮಾಡಿಕೊಳ್ಳುತ್ತದೆ, ಬಡಿತ ಇಳಿಯುತ್ತದೆ, ತುರ್ತಾಗಿ ಆಪರೇಷನ್ ಮಾಡಬೇಕಾಗುತ್ತದೆ. ಮಗುವಿನ ಗಾತ್ರವೂ ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ. ಇವರೆಲ್ಲರನ್ನೂ ಸೇರಿಸಿ ಎಣಿಸಿದರೆ ಲೆಕ್ಕ ತಿರುಗಿಬಿಡುತ್ತದೆ. ಸ್ವೀಡನ್ನಿನ ಪ್ರಯೋಗದಲ್ಲಿ ಸಿಸೇರಿಯನ್ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು ಹತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 34 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ನೋವು ಬರಿಸಿದವರಲ್ಲಿ ಸಿಸೇರಿಯನ್ ಹೆಚ್ಚಿರಲಿಲ್ಲ, ಸ್ವಲ್ಪ ಕಡಿಮೆಯೇ ಇತ್ತು.

ಇದಕ್ಕೊಂದು ಷರತ್ತಿದೆ. ತಾಳ್ಮೆಯಿಂದ, ಸರಿಯಾದ ಕ್ರಮದಲ್ಲಿ ಮಾಡಬೇಕು. ನೋವು ಬರಿಸುವುದು ಕೆಡುವುದು ಹೆಚ್ಚಾಗಿ ಅವಸರದಿಂದ. ನಿಮ್ಮನ್ನೇ ತೆಗೆದುಕೊಳ್ಳಿ. ಒಳಪರೀಕ್ಷೆಯಲ್ಲಿ ಐದು ವಿಷಯ ನೋಡಿ ಅಂಕ ಕೊಡುತ್ತಾರೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಾಗಿದೆಯಾ, ಮುಂದಕ್ಕೆ ತಿರುಗಿದೆಯಾ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ. ಇದಕ್ಕೆ ಬಿಷಪ್ ಸ್ಕೋರ್ ಅಂತಾರೆ. ಒಟ್ಟು 13. ಒಂದು ಬೆರಳು ಹೋಗುತ್ತದೆ ಎಂಬುದಕ್ಕೆ ನಿಮಗೆ ಒಂದಂಕ ಸಿಗುತ್ತದೆ, ಗಟ್ಟಿ ಇದೆ ಎಂಬುದಕ್ಕೆ ಸೊನ್ನೆ. ಬಾಯಿ ಇನ್ನೂ ದಪ್ಪವಾಗಿದ್ದು, ಹಿಂದಕ್ಕೆ ತಿರುಗಿದ್ದು, ತಲೆಯೂ ಮೇಲೇ ಇದ್ದರೆ ಒಟ್ಟು ಒಂದೇ. ಆರಕ್ಕಿಂತ ಕಡಿಮೆ ಇದ್ದರೆ ಬಾಯಿ ಇನ್ನೂ ಹದಕ್ಕೆ ಬಂದಿಲ್ಲ ಎಂದರ್ಥ. ಆ ಸ್ಥಿತಿಯಲ್ಲಿ ನೇರವಾಗಿ ನೋವಿನ ಡ್ರಿಪ್ ಹಾಕಿದರೆ ಗರ್ಭಕೋಶ ಗಟ್ಟಿಯಾಗುತ್ತಲೇ ಇರುತ್ತದೆ, ಬಾಯಿ ತೆರೆಯುವುದಿಲ್ಲ. ತಾಯಿ ಸುಸ್ತಾಗುತ್ತಾಳೆ. ಕೊನೆಗೆ 'ನೋವು ಫೇಲಾಯ್ತು' ಎಂದು ಆಪರೇಷನ್. ನಿಮ್ಮ ಮನೆಯವರು ಕಂಡ ಕೆಲವು ಕಥೆಗಳು ಹೀಗೇ ಆಗಿರಬಹುದು.

ಸರಿಯಾದ ಕ್ರಮದಲ್ಲಿ ಮೊದಲು ಬಾಯಿ ಮೆತ್ತಗೆ ಮಾಡುತ್ತಾರೆ. 22ರ ಬೆಳಗ್ಗೆ ಎಂಟಕ್ಕೆ ನೀವು ಅಡ್ಮಿಟ್ ಆದಿರಿ ಎಂದುಕೊಳ್ಳಿ. ಒಂದು ಎನ್‌ಎಸ್‌ಟಿ ತೆಗೆದು, ಸರಿಯಿದ್ದರೆ ಮುಂದಿನ ಹೆಜ್ಜೆ. ಒಂದು ದಾರಿ ಬಲೂನ್. ತೆಳುವಾದ ರಬ್ಬರ್ ನಳಿಗೆಯನ್ನು ಗರ್ಭಕೋಶದ ಬಾಯಿಯೊಳಗೆ ತೂರಿಸಿ, ತುದಿಯ ಬಲೂನಿಗೆ 30ರಿಂದ 60 ಮಿಲಿ ನೀರು ತುಂಬುತ್ತಾರೆ. ಅದು ಒಳಗಿನಿಂದ ಒತ್ತಿ ಒತ್ತಿ ಬಾಯಿಯನ್ನು ತೆರೆಸುತ್ತದೆ. ಸುಮಾರು ಮೂರು ಸೆಂಟಿಮೀಟರ್ ತೆರೆದಾಗ ತಾನಾಗಿ ಜಾರಿ ಬೀಳುತ್ತದೆ. ಇನ್ನೊಂದು ದಾರಿ ಔಷಧಿ. ಮಿಸೊಪ್ರೊಸ್ಟಾಲ್ ಮಾತ್ರೆ 25 ಮೈಕ್ರೊಗ್ರಾಂ, ನುಂಗುವುದಾದರೆ ಎರಡು ಗಂಟೆಗೊಮ್ಮೆ, ಇಲ್ಲವೇ ಯೋನಿಯೊಳಗೆ ಇಡುವುದಾದರೆ ಆರು ಗಂಟೆಗೊಮ್ಮೆ. ಡೈನೊಪ್ರೊಸ್ಟೋನ್ ಜೆಲ್ ಕೂಡ ಇದೆ. ಕೆಲವು ಕಡೆ ಬಲೂನ್, ಔಷಧಿ ಎರಡನ್ನೂ ಸೇರಿಸಿ ಬಳಸುತ್ತಾರೆ. ಹಿಂದೆ ಸಿಸೇರಿಯನ್ ಆದವರಿಗೆ ಮಾತ್ರ ಮಿಸೊಪ್ರೊಸ್ಟಾಲ್ ಕೊಡಬಾರದು. ಹಳೆಯ ಹೊಲಿಗೆ ಬಿಡುವ ಅಪಾಯವಿದೆ.

ರಾತ್ರಿ ಎಂಟಕ್ಕೆ ಬಲೂನ್ ಬಿತ್ತು ಎನ್ನೋಣ. ಆಗಾಗ ಹೊಟ್ಟೆ ಹಿಂಡಿದಂತೆ ಆಗುತ್ತಿದೆ. ರಾತ್ರಿ ಸ್ವಲ್ಪ ನಿದ್ದೆ ಮಾಡಿ. 23ರ ಬೆಳಗ್ಗೆ ನೋವು ಜೋರಾಗದಿದ್ದರೆ ನೀರಿನ ಚೀಲ ಒಡೆಯುತ್ತಾರೆ. ನೀರಿನ ಬಣ್ಣ ನೋಡುತ್ತಾರೆ. ತಿಳಿಯಾಗಿದ್ದರೆ ಒಳ್ಳೆಯದು. ಹಸಿರಾಗಿದ್ದರೆ ಮಗು ಮಲ ಮಾಡಿದೆ ಎಂದರ್ಥ, ಇನ್ನೂ ಹತ್ತಿರದಿಂದ ಬಡಿತ ನೋಡಬೇಕು. ಆಮೇಲೆ ಆಕ್ಸಿಟೋಸಿನ್ ಡ್ರಿಪ್. ಅದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಹತ್ತು ನಿಮಿಷಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಗಟ್ಟಿಯಾಗಬೇಕು. ಐದಕ್ಕಿಂತ ಜಾಸ್ತಿ ಆದರೆ ಅದು ಮಿತಿಮೀರಿದ ನೋವು. ನೋವಿನ ನಡುವೆ ಮಗುವಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ, ಬಡಿತ ಇಳಿಯಬಹುದು. ಆಗ ಡ್ರಿಪ್ ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ನೋವು ಬರಿಸುವುದರ ನಿಜವಾದ ಅಪಾಯ ಇದು. ಡ್ರಿಪ್ ಹಾಕಿದ ಮೇಲೆ ಮಗುವಿನ ಬಡಿತವನ್ನು ಬಿಡದೆ ನೋಡುವವರಿರಬೇಕು ಎನ್ನುವುದು ಅದಕ್ಕೇ. ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿಯೂ ಆ ವ್ಯವಸ್ಥೆ ಇದೆಯಾ, ಬೇಕಾದರೆ ತಕ್ಷಣ ಆಪರೇಷನ್ ಮಾಡಲು ಆಗುತ್ತದಾ ಎಂದು ಮುಂಚೆಯೇ ಕೇಳಿ.

ಹೀಗೆ ನಡೆದರೆ ಹೆರಿಗೆ 23ರ ಸಂಜೆಯೋ ರಾತ್ರಿಯೋ ಆಗುತ್ತದೆ. ಒಂದೂವರೆ ದಿನ! ಮೊದಲ ಹೆರಿಗೆಯಲ್ಲಿ, ಬಾಯಿ ಹದಕ್ಕೆ ಬಾರದವರಲ್ಲಿ ಇದು ಸಾಧಾರಣವೇ. ಈ ಮಾತನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಬೆಳಗ್ಗೆ ಅಡ್ಮಿಟ್ ಮಾಡಿ ಸಂಜೆಯೊಳಗೆ ಮಗು ನೋಡಬೇಕು ಎಂದುಕೊಂಡವರು ರಾತ್ರಿ ಹೊತ್ತಿಗೆ 'ಯಾಕೆ ಇಷ್ಟು ಹೊತ್ತು, ಆಪರೇಷನ್ ಮಾಡಿಬಿಡಿ' ಎಂದು ಒತ್ತಾಯ ಶುರು ಮಾಡುತ್ತಾರೆ. ಬಾಯಿ ಐದಾರು ಸೆಂಟಿಮೀಟರ್ ಆಗುವವರೆಗೆ ಎಲ್ಲವೂ ನಿಧಾನವೇ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ನೀರು ಒಡೆದು ಡ್ರಿಪ್ ಹಾಕಿ ಕನಿಷ್ಠ 12ರಿಂದ 18 ಗಂಟೆಯಾಗುವವರೆಗೆ 'ಫೇಲ್' ಎನ್ನಬಾರದು. ಬಡಿತ ಇಳಿದರೆ ಮಾತು ಬೇರೆ, ಆಗ ಗಡಿಯಾರ ನೋಡುತ್ತಾ ಕೂರುವುದಿಲ್ಲ. ನೋವು ತಡೆಯಲು ಆಗದಿದ್ದರೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬಗ್ಗೆಯೂ ಕೇಳಿಕೊಳ್ಳಿ. ಡ್ರಿಪ್ಪಿನ ನೋವು ತಾನಾಗಿ ಬರುವ ನೋವಿಗಿಂತ ಬೇಗ ಜೋರಾಗುತ್ತದೆ.

22ಕ್ಕೆ ಮುಂಚೆ ಇನ್ನೊಂದನ್ನು ಮಾಡಬಹುದು. ಮುಂದಿನ ಒಳಪರೀಕ್ಷೆಯಲ್ಲಿ ಡಾಕ್ಟರ್ ಬೆರಳನ್ನು ಬಾಯಿಯೊಳಗೆ ಸುತ್ತಿಸಿ, ನೀರಿನ ಚೀಲವನ್ನು ಗರ್ಭಕೋಶದ ಗೋಡೆಯಿಂದ ಸ್ವಲ್ಪ ಬಿಡಿಸುತ್ತಾರೆ. ಇದಕ್ಕೆ ಸ್ವೀಪ್ ಅಂತಾರೆ. ನಿಮಗೆ ಒಂದು ಬೆರಳು ಹೋಗುವುದರಿಂದ ಇದು ಸಾಧ್ಯ. ಆಗ ನೋವಾಗುತ್ತದೆ, ಆಮೇಲೆ ಸ್ವಲ್ಪ ರಕ್ತದ ಕಲೆ, ಹೊಟ್ಟೆ ಹಿಂಡುವುದು ಇರಬಹುದು. ಎಲ್ಲರಿಗೂ ಫಲ ಕೊಡುವುದಿಲ್ಲ, ಆದರೆ ಔಷಧಿಯಿಂದ ನೋವು ಬರಿಸಬೇಕಾದವರ ಸಂಖ್ಯೆ ಇದರಿಂದ ಕಡಿಮೆಯಾಗುತ್ತದೆ. ಬೇಡ ಎನ್ನಿಸಿದರೆ ಬೇಡ ಎನ್ನಿ. ಹರಳೆಣ್ಣೆ ಕುಡಿಯುವ ಸಾಹಸ ಮಾತ್ರ ಮಾಡಬೇಡಿ. ವಾಂತಿ, ಭೇದಿಯಾಗಿ ಹೆರಿಗೆಗೆ ಮುಂಚೆಯೇ ಸೋತುಹೋಗುತ್ತೀರಿ.

ನಾನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದರೆ, 22ಕ್ಕೆ ಅಡ್ಮಿಟ್ ಆಗಿ. ಅಷ್ಟಾಗಿಯೂ ಕಾಯಬೇಕು ಎನ್ನಿಸಿದರೆ ಅದು ನಿಮ್ಮ ಹಕ್ಕು, ಡಾಕ್ಟರ ಹತ್ತಿರ ಬಿಚ್ಚಿ ಮಾತಾಡಿ. ಹೇಳದೆ ಕೇಳದೆ ಅಪಾಯಿಂಟ್‌ಮೆಂಟ್ ತಪ್ಪಿಸಿ ಮನೆಯಲ್ಲಿ ಕೂರುವುದೇ ಎಲ್ಲಕ್ಕಿಂತ ಕೆಟ್ಟದ್ದು. ಕಾಯುವುದಾದರೆ ವಾರಕ್ಕೆರಡು ಸಲ ಎನ್‌ಎಸ್‌ಟಿ, ನೀರಿನ ಸ್ಕ್ಯಾನ್, ದಿನಾ ಮಿಸುಕಾಟದ ಲೆಕ್ಕ. 29ಕ್ಕೆ 42 ವಾರ ತುಂಬುತ್ತದೆ. ಅದನ್ನು ದಾಟಲು ನಾನು ಒಪ್ಪುವುದಿಲ್ಲ. ನೀರು 2 ಸೆಂಟಿಮೀಟರಿಗಿಂತ ಕೆಳಗಿಳಿದರೆ, ಬಿಪಿ ಏರಿದರೆ, ಎನ್‌ಎಸ್‌ಟಿ ಸರಿ ಬಾರದಿದ್ದರೆ ಆ ದಿನವೇ ಕಾಯುವುದು ಮುಗಿಯಿತು.

ಮಿಸುಕಾಟ ಕಡಿಮೆಯಾದರೆ, ನೀರು ಒಡೆದರೆ, ಅದರಲ್ಲೂ ಹಸಿರು ಬಣ್ಣ ಕಂಡರೆ, ರಕ್ತ ಹೋದರೆ, ಜೋರು ತಲೆನೋವು ಅಥವಾ ಕಣ್ಣು ಮಂಜಾಗುವುದು ಇದ್ದರೆ ಯಾವ ತಾರೀಖೂ ನೋಡಬೇಡಿ, ತಕ್ಷಣ ಹೊರಡಿ. ಹೋಗುವಾಗ ಎರಡನೇ ತಿಂಗಳ ಆ ಮೊದಲ ಸ್ಕ್ಯಾನ್ ರಿಪೋರ್ಟ್ ಫೈಲಿನ ಮೇಲ್ಗಡೆಯೇ ಇರಲಿ. ಡ್ಯೂಟಿಯಲ್ಲಿರುವ ಡಾಕ್ಟರ್ ನಿಮ್ಮನ್ನು ಮೊದಲ ಸಲ ನೋಡುತ್ತಿರಬಹುದು. ಮೂರು ದಿನಾಂಕಗಳಲ್ಲಿ ಯಾವುದು ಸರಿ ಎಂದು ಅವರಿಗೆ ತಿಳಿಯುವುದು ಅದರಿಂದಲೇ.